60 ಗಂಟೆಯ ಕೆಲಸ, 20% ಬಫರ್ ಹಾಕಿದ್ದೆ. ಆದರೂ 16 ದಿನ ತಡ. ಲೆಕ್ಕ ಎಲ್ಲಿ ತಪ್ಪಿತು?

ಹೆಂಚಿನಮನೆ
ನಾನು ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುತ್ತೇನೆ. ಹೋದ ತಿಂಗಳು ಒಂದು ಹೋಂಸ್ಟೇ ಸೈಟ್ ಒಪ್ಪಿಕೊಂಡೆ. ಶುರು ಮಾಡಿದ್ದು 2025ರ ಅಕ್ಟೋಬರ್ 6, ಸೋಮವಾರ. ಅಂದಾಜು ಹೀಗಿತ್ತು: ಡಿಸೈನ್ 12 ಗಂಟೆ, ಪುಟಗಳು 20, ಬುಕಿಂಗ್ ಫಾರ್ಮ್ 10, ಪೇಮೆಂಟ್ ಗೇಟ್‌ವೇ 8, ಕನ್ನಡ ಬರಹ 6, ಟೆಸ್ಟಿಂಗ್ ಮತ್ತು ಅಪ್‌ಲೋಡ್ 4. ಒಟ್ಟು 60. ಶೀಟ್‌ನಲ್ಲಿ ಹಾಕಿದ್ದು ಇದು (E1ರಲ್ಲಿ ಶುರುವಿನ ದಿನ, B ಕಾಲಂನಲ್ಲಿ ಗಂಟೆಗಳು):

```
=E1+SUM(B2:B7)*1.2/8
```

ಅಕ್ಟೋಬರ್ 15 ಅಂತ ಬಂತು. ಅದನ್ನೇ ಹೇಳಿಬಿಟ್ಟೆ. ಕೊಟ್ಟಿದ್ದು 31ಕ್ಕೆ. ಸೋಮಾರಿತನ ಮಾಡಿಲ್ಲ, ದಿನಾ 8 ಗಂಟೆ ಕೂತಿದ್ದೇನೆ. ಬಫರ್ 20% ಸಾಲದಾ? 40% ಹಾಕಬೇಕಾ?

ಡಬಲ್_ರೊಟ್ಟಿ
ಶೇಕಡಾ ಲೆಕ್ಕ ಎಲ್ಲ ಬಿಡಿ ಸಾರ್. ಮನಸ್ಸಿಗೆ ಬಂದ ಗಂಟೆಯನ್ನು ಎರಡರಿಂದ ಗುಣಿಸಿ, ಮುಗೀತು. ಹತ್ತು ವರ್ಷದಿಂದ ಹೀಗೇ ಮಾಡ್ತಿದ್ದೇನೆ, ಅನ್ನ ಹುಟ್ಟುತ್ತಿದೆ.

ಗಡಿಯಾರದಂಗಡಿ
ಬಫರ್‌ಗೆ ಆಮೇಲೆ ಬರೋಣ. ಮೊದಲು ಆ 8 ನೋಡಿ. ದಿನಕ್ಕೆ 8 ಗಂಟೆ ಕೂರುವುದು ಬೇರೆ, ಈ ಒಂದು ಕೆಲಸಕ್ಕೆ 8 ಗಂಟೆ ಸಿಗುವುದು ಬೇರೆ. ಒಂದು ವಾರ ಯಾವ ಕೆಲಸ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟಕ್ಕೆ ನಿಂತಿತು ಅಂತ ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ಈ ವಾರ ಬರೆದು ಇಲ್ಲಿ ಹಾಕಿ.

ಇನ್ನೊಂದು, ನಿಮ್ಮ ಸೂತ್ರ ತಾರೀಖಿಗೆ ಸುಮ್ನೆ 9 ಕೂಡಿದೆ. ಅದಕ್ಕೆ ಭಾನುವಾರವೂ ಗೊತ್ತಿಲ್ಲ, ಹಬ್ಬವೂ ಗೊತ್ತಿಲ್ಲ. ಮಧ್ಯೆ 12ನೇ ತಾರೀಖು ಭಾನುವಾರ ಇತ್ತು ನೋಡಿ.

ಕುಚ್ಚುಗಂಟು
ನಂದೂ ಇದೇ ಗೋಳು. ಸೀರೆಗೆ ಕುಚ್ಚು ಹಾಕುತ್ತೇನೆ. ಒಂದು ಸೀರೆಗೆ 6 ಗಂಟೆ, ಅದರಲ್ಲಿ ಹೆಚ್ಚುಕಮ್ಮಿ ಇಲ್ಲ. ಹಾಗಾಗಿ ಎರಡು ದಿನ ಸಾಕು ಅಂತ ಹೇಳುತ್ತೇನೆ. ದೀಪಾವಳಿ ಹೊತ್ತಿಗೆ ಎರಡು ವಾರ ಆಗಿಬಿಡುತ್ತದೆ. ಕೂಲಿ ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ಗಡಿಯಾರದಂಗಡಿ
ಅಕ್ಕಾ, ನಿಮ್ಮ 6 ಗಂಟೆ ಸರಿಯಾಗಿಯೇ ಇದೆ. ತಪ್ಪಿರುವುದು ಶುರುವಿನ ದಿನ. ಮುಂದೆ ಐದು ಸೀರೆ ಕಾಯುತ್ತಿದ್ದರೆ ಆರನೆಯದು ನಾಳೆ ಶುರುವಾಗುವುದಿಲ್ಲ, ಆ ಐದರ 30 ಗಂಟೆ ಮುಗಿದ ಮೇಲೆ ಶುರುವಾಗುತ್ತದೆ. ಅಲ್ಲಿಂದ ಎರಡು ದಿನ ಎಣಿಸಿ ಹೇಳಿ. ಕೂಲಿ ಜಾಸ್ತಿ ಮಾಡಿದರೆ ಸೀರೆ ಕಮ್ಮಿ ಬರಬಹುದು, ಅದು ಬೇರೆ ಮಾತು.

ಹೆಂಚಿನಮನೆ
ವಾರ ಪೂರ್ತಿ ಬರೆದೆ. ನಾಚಿಕೆಯಾಗುತ್ತಿದೆ. ದಿನಕ್ಕೆ ಸರಾಸರಿ 5 ಗಂಟೆ ಅಷ್ಟೇ. ಬುಧವಾರ ಹಳೇ ಗಿರಾಕಿ ಫೋನ್ ಮಾಡಿ "ಒಂದು ಫೋಟೋ ಬದಲಿಸಿಕೊಡಿ, ಐದೇ ನಿಮಿಷ" ಅಂದರು. ಪಾಸ್‌ವರ್ಡ್ ಹುಡುಕಿ, ಫೋಟೋ ಸಣ್ಣದು ಮಾಡಿ, ಅವರು ಇನ್ನೊಂದು ಫೋಟೋ ಕಳಿಸಿ, ಎಲ್ಲ ಮುಗಿಯುವಾಗ 1 ಗಂಟೆ 20 ನಿಮಿಷ.

ಇನ್ನೊಂದು ನೆನಪಾಯಿತು. ಹೋಂಸ್ಟೇಯವರಿಗೆ ಡಿಸೈನ್ ಕಳಿಸಿದ್ದು ಶುಕ್ರವಾರ ಸಂಜೆ. "ಓಕೆ" ಅಂತ ಬಂದಿದ್ದು ಮಂಗಳವಾರ ರಾತ್ರಿ. ಅಲ್ಲಿಯವರೆಗೆ ಪುಟ ಕಟ್ಟಲು ಆಗಲಿಲ್ಲ. ಅಂದಹಾಗೆ, ನಾನು ಶನಿವಾರವೂ ಕೆಲಸ ಮಾಡುತ್ತೇನೆ.

ಗಡಿಯಾರದಂಗಡಿ
ಈಗ ಲೆಕ್ಕ ಕೂರುತ್ತದೆ. ಶನಿ, ಸೋಮ, ಮಂಗಳ, ಮೂರು ದಿನ ಕಾದಿದ್ದೀರಿ. ಇದನ್ನು ಗಂಟೆಯಲ್ಲಿ ಬರೆಯಬೇಡಿ. ನೀವು ಬೇಗ ಕೆಲಸ ಮಾಡಿದರೆ ಅದೇನೂ ಕರಗುವುದಿಲ್ಲ. ಬೇರೆ ಸೆಲ್‌ನಲ್ಲಿ ದಿನ ಅಂತಲೇ ಇಡಿ.

ಬಫರ್‌ಗೆ ಎಲ್ಲದಕ್ಕೂ ಒಂದೇ ಶೇಕಡಾ ಹಾಕುವುದು ನನಗೆ ಇಷ್ಟವಿಲ್ಲ. ಪುಟ ಕಟ್ಟುವುದು ನಿಮಗೆ ನೀರು ಕುಡಿದ ಹಾಗೆ, ಗೇಟ್‌ವೇ ಹಾಗಲ್ಲ. C ಕಾಲಂನಲ್ಲಿ ಪ್ರತಿ ಕೆಲಸಕ್ಕೂ "ಕೈಕೊಟ್ಟರೆ ಎಷ್ಟು" ಅಂತ ಬರೆಯಿರಿ. ನಾನು ಊಹಿಸಿದ್ದು ಕ್ರಮವಾಗಿ 20, 26, 18, 20, 10, 10. ಅಂದರೆ ವ್ಯತ್ಯಾಸ 8, 6, 8, 12, 4, 6. ಎಲ್ಲ ಕೂಡಿದರೆ 44 ಗಂಟೆ. ಆದರೆ ಆರೂ ಕೆಲಸ ಒಟ್ಟಿಗೆ ಕೈಕೊಡುವುದು ಅಪರೂಪ. ಅದಕ್ಕೆ ವ್ಯತ್ಯಾಸಗಳ ವರ್ಗ ಕೂಡಿ ವರ್ಗಮೂಲ ತೆಗೆಯುತ್ತೇನೆ. ವರ್ಗಗಳ ಮೊತ್ತ 360, ಮೂಲ ಸುಮಾರು 19. ಇದು E2ರಲ್ಲಿ:

```
=SQRT(SUMXMY2(C2:C7,B2:B7))
```

E3ರಲ್ಲಿ 5 (ದಿನಕ್ಕೆ ನಿಜವಾಗಿ ಸಿಗುವ ಗಂಟೆ), E4ರಲ್ಲಿ 3 (ಕಾಯುವ ದಿನ), G2 ಮತ್ತು G3ರಲ್ಲಿ ಅಕ್ಟೋಬರ್ 20 ಮತ್ತು 22, ನರಕ ಚತುರ್ದಶಿ ಮತ್ತು ಬಲಿಪಾಡ್ಯಮಿ. ಆಮೇಲೆ:

```
=WORKDAY.INTL(E1-1,ROUNDUP((SUM(B2:B7)+E2)/E3,0)+E4,11,G2:G3)
```

60 + 19 ಅಂದರೆ 79 ಗಂಟೆ. ಐದರಿಂದ ಭಾಗಿಸಿದರೆ 15.8, ಅಂದರೆ 16 ದಿನ. ಕಾಯುವ 3 ಸೇರಿ 19. ಉತ್ತರ ಅಕ್ಟೋಬರ್ 29. ಸೂತ್ರದಲ್ಲಿರುವ 11 ಅಂದರೆ ಭಾನುವಾರ ಮಾತ್ರ ರಜೆ. `E1-1` ಯಾಕೆ ಅಂದರೆ, ಈ ಫಂಕ್ಷನ್ ಶುರುವಿನ ದಿನವನ್ನು ಎಣಿಸುವುದಿಲ್ಲ. ಒಂದು ಕಳೆಯದಿದ್ದರೆ 30 ಬರುತ್ತದೆ.

ಡಬಲ್_ರೊಟ್ಟಿ
ನಾನು ಹೇಳಿದ್ದೂ ಅದೇ ಆಯ್ತಲ್ಲ! 120 ಗಂಟೆ, 8ರಿಂದ ಭಾಗಿಸಿದರೆ 15 ದಿನ.

ಗಡಿಯಾರದಂಗಡಿ
ಹತ್ತಿರ ಬಂತು, ಒಪ್ಪುತ್ತೇನೆ. 8ರ ಬದಲು 5 ಅಂದರೇ 1.6 ಪಟ್ಟು ಆಗುತ್ತದೆ, ಅದಕ್ಕೇ ನಿಮ್ಮ ಎರಡು ಪಟ್ಟು ಇಷ್ಟು ವರ್ಷ ಕೈಹಿಡಿದಿದೆ. ಆದರೆ ಇಲ್ಲಿ ಭಾನುವಾರ, ಹಬ್ಬ ಬಿಟ್ಟು 15 ದಿನ ಎಣಿಸಿದರೆ 24ಕ್ಕೆ ನಿಲ್ಲುತ್ತದೆ. ಕಾಯುವ ದಿನ ಅದರಲ್ಲಿಲ್ಲ. 10 ಗಂಟೆಯ ಸಣ್ಣ ಕೆಲಸಕ್ಕೆ ಗಿರಾಕಿ ಒಂದು ವಾರ ಉತ್ತರ ಕೊಡದಿದ್ದರೆ ಎರಡು ಪಟ್ಟು ಏನು ಮಾಡುತ್ತದೆ?

ಹೆಂಚಿನಮನೆ
29 ಅಂದರೂ ನಾನು ಕೊಟ್ಟಿದ್ದು 31ಕ್ಕೆ. ಆ ಎರಡು ದಿನ?

ಗಡಿಯಾರದಂಗಡಿ
ಗೇಟ್‌ವೇ ಖಾತೆಗೆ ಅರ್ಜಿ ಯಾವಾಗ ಹಾಕಿದಿರಿ?

ಹೆಂಚಿನಮನೆ
25ಕ್ಕೆ. ಫಾರ್ಮ್ ಮುಗಿದ ಮೇಲೆ. ಅವರ ಪ್ಯಾನ್, ಬ್ಯಾಂಕ್ ದಾಖಲೆ ಪರಿಶೀಲನೆ ಮುಗಿದಿದ್ದು 30ರ ಸಂಜೆ. ಓ, ಗೊತ್ತಾಯಿತು. 6ನೇ ತಾರೀಖೇ ಹಾಕಿದ್ದರೆ ಅದರ ಪಾಡಿಗೆ ಅದು ನಡೆಯುತ್ತಿತ್ತು.

ಗಡಿಯಾರದಂಗಡಿ
ಹೌದು. ಕಾಯುವುದರಲ್ಲೂ ಎರಡು ಥರ. ನಿಮ್ಮ ಕೈ ಕಟ್ಟಿಹಾಕುವುದು E4ಗೆ ಹೋಗಲಿ. ಪಕ್ಕದಲ್ಲಿ ತಾನೇ ನಡೆಯುವುದಕ್ಕೆ ದಿನ ಸೇರಿಸಬೇಡಿ, ಮೊದಲ ದಿನವೇ ಶುರುಮಾಡಿ.

ವರ್ಗಮೂಲಕ್ಕೂ ಒಂದು ಎಚ್ಚರಿಕೆ. ಒಂದೇ ಕಾರಣಕ್ಕೆ ಎಲ್ಲ ಕೆಲಸವೂ ನಿಧಾನವಾಗುವ ಹಾಗಿದ್ದರೆ, ಉದಾಹರಣೆಗೆ ಪೂರ್ತಿ ಸೈಟನ್ನು ನಿಮಗೆ ಹೊಸದಾದ ಫ್ರೇಮ್‌ವರ್ಕ್‌ನಲ್ಲಿ ಮಾಡುತ್ತಿದ್ದರೆ, 19 ಸಾಲದು. ಆಗ 44ಕ್ಕೇ ಹತ್ತಿರ ಇಡಿ.

ಮಳೆಗಾಲ_92
ನಡುವೆ ಬಾಯಿ ಹಾಕುತ್ತಿದ್ದೇನೆ. ಇಷ್ಟು ಬಫರ್ ಇಟ್ಟ ತಾರೀಖನ್ನು ಗಿರಾಕಿಗೆ ಹೇಳಿದರೆ "ಟೈಮ್ ಇದೆಯಲ್ಲ" ಅಂತ ಫೋಟೋ ಕಳಿಸುವುದನ್ನೇ ಮುಂದೂಡುತ್ತಾರೆ. ನಾನು ಅವರಿಗೆ ಬಫರ್ ಇಲ್ಲದ ತಾರೀಖನ್ನೇ ಹೇಳುತ್ತೇನೆ. ಮತ್ತೆ 21 ಅಮಾವಾಸ್ಯೆ. ಅಂಗಡಿಯವರಾದರೆ ಅವತ್ತು ಪೂಜೆ ಬಿಟ್ಟು ನಿಮ್ಮ ಫೋನ್ ಎತ್ತಲ್ಲ.

ಗಡಿಯಾರದಂಗಡಿ
ಅಮಾವಾಸ್ಯೆ ಮಾತು ಸರಿ, G4ರಲ್ಲಿ ಹಾಕಿಕೊಂಡು ಸೂತ್ರದಲ್ಲಿ `G2:G4` ಮಾಡಿ. ಬಫರ್ ಇಲ್ಲದ ತಾರೀಖು ಹೇಳುವುದನ್ನು ಮಾತ್ರ ಒಪ್ಪಲಾರೆ. ಅವರು ಅದನ್ನು ನಂಬಿ ಬುಕಿಂಗ್ ಜಾಹೀರಾತು ಕೊಟ್ಟರೆ? ಫೋಟೋಗೆ ಬೇರೆ ಗಡುವು ಕೊಡಿ: "14ರೊಳಗೆ ಬರದಿದ್ದರೆ ಎಷ್ಟು ದಿನ ತಡವೋ ಅಷ್ಟು ದಿನ ಮುಂದಕ್ಕೆ."

ಮಳೆಗಾಲ_92
ಹೇಳಿ ನೋಡಿದ್ದೇನೆ. ತಡ ಅವರದ್ದು, ಬೈಗುಳ ನನಗೆ.

ಹೆಂಚಿನಮನೆ
ಹೊಸ ಕೆಲಸಕ್ಕೆ ಈ ಶೀಟೇ ಹಾಕಿದೆ. ಒಂದು ಡೌಟು: ಇನ್ನು ಮೇಲೆ ಶನಿವಾರ ಅರ್ಧ ದಿನ ಮಾತ್ರ ಮಾಡೋಣ ಅಂತಿದ್ದೇನೆ. WORKDAY.INTLಗೆ ಅರ್ಧ ದಿನ ಹೇಳುವುದು ಹೇಗೆ?

ಗಡಿಯಾರದಂಗಡಿ
ಅದಕ್ಕೆ ಅರ್ಧ ದಿನ ಗೊತ್ತಿಲ್ಲ. ನಾನು E3 ಇಳಿಸುತ್ತೇನೆ. ಐದು ದಿನಕ್ಕೆ 25, ಶನಿವಾರ 2.5, ಒಟ್ಟು 27.5. ಆರರಿಂದ ಭಾಗಿಸಿದರೆ ಸುಮಾರು 4.6. ಒಂದು ವಾರದೊಳಗಿನ ಕೆಲಸಕ್ಕೆ ಇದು ಸ್ವಲ್ಪ ತಪ್ಪುತ್ತದೆ. ಇದಕ್ಕಿಂತ ಚೆನ್ನಾದ ದಾರಿ ಯಾರಿಗಾದರೂ ಗೊತ್ತಿದ್ದರೆ ಹಾಕಿ, ನನಗೂ ಬೇಕು.