ಅಪ್‌ಡೇಟ್: ತೊದಲುವ ಮಗನಿಗೆ ಹೇಳಬಹುದಾದ ಗಾದೆಗಳು

ನಾನು ಕೇಳಿದ್ದು: “ನಾಲ್ಕನೇ ತರಗತಿಯ ಮಗ ತೊದಲುತ್ತಾನೆ, ಗಟ್ಟಿಯಾಗಿ ಪಾಠ ಓದುವ ದಿನ ಹೊಟ್ಟೆನೋವು ಎನ್ನುತ್ತಾನೆ. ಧೈರ್ಯಕ್ಕೆ ಯಾವ ಗಾದೆ ಹೇಳಲಿ?”

ಮೊದಲು ಗೋಡೆಯ ಮೇಲಿದ್ದ “ಮಾತು ಬೆಳ್ಳಿ, ಮೌನ ಬಂಗಾರ” ತೆಗೆದೆ. ಸುಮ್ಮನಿರುವುದೇ ಮೇಲು ಎಂದು ಅವನು ಅದನ್ನು ನಂಬಿಬಿಟ್ಟಿದ್ದ. “ನಿಧಾನವೇ ಪ್ರಧಾನ”ವೂ ಕೈಕೊಟ್ಟಿತು. ಪದ ಸಿಕ್ಕಿಕೊಂಡಾಗ ಅದನ್ನು ಹೇಳಿದರೆ ಅವನ ತುಟಿ ಇನ್ನಷ್ಟು ಬಿಗಿಯುತ್ತಿತ್ತು. ತಡೆದ ಕ್ಷಣದಲ್ಲಿ ಸಲಹೆ ಕೊಡದೆ, ಪದ ಪೂರ್ತಿಮಾಡದೆ, ಅವನ ಮುಖ ನೋಡುತ್ತಾ ಕಾಯಿರಿ ಎಂದು ವಾಕ್ ಚಿಕಿತ್ಸಕಿ ತಿದ್ದಿದರು.

ಉಳಿದದ್ದು “ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ”. ರಾತ್ರಿ ಇಬ್ಬರೂ ಒಟ್ಟಿಗೆ ಹೇಳುತ್ತೇವೆ. ಜೊತೆಯಾಗಿ ಓದುವಾಗ ತೊದಲು ಬಹಳ ಮಟ್ಟಿಗೆ ಇಳಿಯುತ್ತದೆ. “ಹ” ಉಸಿರಿನ ಮೇಲೆ ಹಗುರವಾಗಿ ಹೊರಡುತ್ತದೆ. ತುಟಿ ಮುಚ್ಚಿ ತೆರೆಯಬೇಕಾದ “ಪ”ದಲ್ಲೇ ಅವನು ಸಿಕ್ಕಿಬೀಳುವುದು. ಮೂರನೆಯ ರಾತ್ರಿ ಅವನೇ ಕೇಳಿದ: “ಅಮ್ಮಾ, ಗಾದೆಯೂ ಎರಡೆರಡು ಸಲ ಹೇಳುತ್ತದಲ್ಲವೇ?” ನನ್ನ ಗಂಟಲು ಕಟ್ಟಿತು.

ಶಿಕ್ಷಕಿಯನ್ನೂ ಕಂಡೆ. ಸರದಿ ಬರುವವರೆಗೆ ಕಾಯುವುದೇ ಅವನಿಗೆ ದೊಡ್ಡ ಹಿಂಸೆಯಾಗಿತ್ತು. ಈಗ ಮೊದಲ ಸರದಿ ಅವನದು, ಪಕ್ಕದ ಗೆಳೆಯನೂ ದನಿಗೂಡಿಸುತ್ತಾನೆ. ಕಳೆದ ಗುರುವಾರ ನಾಲ್ಕು ಸಾಲು ಓದಿದ. ಕೊನೆಯ ಸಾಲನ್ನು ಗೆಳೆಯ ಬಿಟ್ಟುಕೊಟ್ಟಾಗ “ಪಕ್ಷಿ”ಯಲ್ಲಿ ಎರಡು ಸಲ ತಡೆಯಿತು, ಆದರೂ ಮುಗಿಸಿಯೇ ಕುಳಿತ. ಒಬ್ಬನೇ ಓದುವಾಗ ತೊದಲು ಇನ್ನೂ ಇದೆ. ಹೊಟ್ಟೆನೋವು ಮಾತ್ರ ಈ ವಾರ ಬರಲಿಲ್ಲ.