ಅಪ್‌ಡೇಟ್: ಕೊಪ್ಪಳ ಬ್ರಾಂಚಿನಿಂದ ಈಗ ಒಂದೇ ರೂಟ್

ಕೇಳಿದ್ದು: "ಕೊಪ್ಪಳದಲ್ಲಿ 10.40.13.0 ರಿಂದ 10.40.16.0 ವರೆಗೆ ನಾಲ್ಕು /24 ಇವೆ. ಬಳ್ಳಾರಿ ಹೆಡ್ ಆಫೀಸಿಗೆ ಒಂದೇ /22 ಕಳಿಸೋಕೆ ಯಾಕೆ ಆಗ್ತಿಲ್ಲ?"

ನಾಲ್ಕು ಇದ್ದರೆ ಸಾಲದು, ಶುರುವಾಗುವ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. 13 ಆಗಲ್ಲ. /22 ಅಂದರೆ 12–15, ಆಮೇಲೆ 16–19. ಹೀಗಾಗಿ 13–16 ಎರಡು ಬ್ಲಾಕಿಗೆ ಹಂಚಿಹೋಗಿತ್ತು. ಎರಡನ್ನೂ ಮುಚ್ಚೋಕೆ /19 ಬೇಕು, ಅದು 0–31 ಪೂರ್ತಿ ನುಂಗುತ್ತೆ. ರಾಯಚೂರಿನ 10.40.20.0/24 ಅದರೊಳಗೇ ಇದೆ. ಮೇಲ್ನೋಟಕ್ಕೆ ತೊಂದರೆ ಕಾಣಲ್ಲ, ಯಾಕಂದ್ರೆ ಉದ್ದದ ಪ್ರಿಫಿಕ್ಸೇ ಗೆಲ್ಲುತ್ತೆ. ರಾಯಚೂರಿನ ಲಿಂಕ್ ಬಿದ್ದ ದಿನ ಮಾತ್ರ ಆ ಟ್ರಾಫಿಕ್ಕೆಲ್ಲ ಕೊಪ್ಪಳಕ್ಕೆ ಬಂದು ಸಾಯುತ್ತೆ.

ಹಾಗಾಗಿ 16ರಲ್ಲಿದ್ದ ಪ್ರಿಂಟರ್ ಸಬ್‌ನೆಟ್ಟನ್ನು ಖಾಲಿಯಿದ್ದ 12ಕ್ಕೆ ಸರಿಸಿದ್ದಾಯ್ತು (ಡಿಎಚ್‌ಸಿಪಿ ಸ್ಕೋಪ್ ಬದಲಿಸೋದು ಮರೀಬೇಡಿ). ಬಳ್ಳಾರಿ ಕಡೆಯ ಇಂಟರ್‌ಫೇಸಿನಲ್ಲಿ:

```
ip summary-address eigrp 100 10.40.12.0 255.255.252.0
```

ಈಗ ಬಳ್ಳಾರಿಯಲ್ಲಿ ಒಂದೇ /22 ಕಾಣುತ್ತೆ. ಕೊಪ್ಪಳದ ರೌಟರಿನಲ್ಲಿ ಅದೇ /22 `Null0` ಕಡೆಗೆ ತೋರಿಸಿದರೆ ಗಾಬರಿಯಾಗಿ ತೆಗೀಬೇಡಿ. ಅದಿಲ್ಲದಿದ್ದರೆ, ನಾಲ್ಕರಲ್ಲಿ ಒಂದು ಸಬ್‌ನೆಟ್ ಡೌನ್ ಆದಾಗ ಅದರ ಪ್ಯಾಕೆಟ್ ಡಿಫಾಲ್ಟ್ ರೂಟ್ ಹಿಡಿದು ಬಳ್ಳಾರಿಗೆ ವಾಪಸ್, ಅಲ್ಲಿಂದ ಮತ್ತೆ ಕೊಪ್ಪಳಕ್ಕೆ, ಟಿಟಿಎಲ್ ಮುಗಿಯೋವರೆಗೂ ಸುತ್ತುತ್ತೆ. `traceroute`ನಲ್ಲಿ ಅವೇ ಎರಡು ಐಪಿ ಸರದಿಯಲ್ಲಿ ಬಂದರೆ ಇದೇ ಕಾಯಿಲೆ.