ಎರಡು ಧರ್ಮದ ಜೋಡಿಗೆ ಹಾರೈಕೆ ಓದಿದ್ದೀರಾ?

ಕೇಳಿದವರು: ಗೆಳತಿ ಹಿಂದೂ, ಹುಡುಗ ಕ್ರಿಶ್ಚಿಯನ್. ಮದುವೆ ದಿನ ನೀನೇ ಹಾರೈಕೆ ಓದಬೇಕು ಅಂತ ಹಟ ಹಿಡಿದಿದ್ದಾರೆ. ಎರಡೂ ಕಡೆಯವರಿಗೆ ಒಪ್ಪುವ ಹಾಗೆ ಬರೆಯೋದು ಹೇಗೆ?

ಕಿವಿ ಸುಟ್ಟವನು: ನಾನು ಓದಿ ಮೂರು ವರ್ಷ ಆಯಿತು, ಇನ್ನೂ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಬೈಬಲ್‌ನಿಂದ ರೂತಳ ಮಾತು ತೆಗೆದುಕೊಂಡಿದ್ದೆ. 'ನೀನು ಹೋದಲ್ಲಿಗೆ ನಾನೂ ಬರುತ್ತೇನೆ' ಅನ್ನುವಾಗ ಎಲ್ಲರೂ ತಲೆದೂಗಿದರು. ಮುಂದೆ 'ನಿನ್ನ ದೇವರೇ ನನ್ನ ದೇವರು' ಅಂತ ಬರುತ್ತಲ್ವಾ, ಆಗ ಹುಡುಗಿಯ ಅಪ್ಪ ಎದ್ದು ಹೊರಗೆ ಹೋದರು. ಮಗಳು ಮತ ಬದಲಿಸುತ್ತಾಳೆ ಅಂತ ನಾನೇ ಸಾರಿದ ಹಾಗಾಯಿತು. ಅಷ್ಟಕ್ಕೂ ಅದು ಗಂಡನಿಗೆ ಹೇಳಿದ ಮಾತಲ್ಲ, ವಿಧವೆ ರೂತಳು ತನ್ನ ಅತ್ತೆಗೆ ಹೇಳಿದ್ದು. ನನ್ನ ಬರಹ ಹನ್ನೊಂದು ಸಲ ತಿದ್ದಿದ್ದೆ. ಆ ಅಧ್ಯಾಯ ಮಾತ್ರ ಒಮ್ಮೆಯೂ ಪೂರ್ತಿ ಓದಿರಲಿಲ್ಲ.

ನೇರ ಮಾತು: ಅದಕ್ಕೇ ದೇವರ ಸುದ್ದಿಯೇ ಬೇಡ. ನಾನು ಪ್ರೀತಿ, ಬೆಳಕು, ಪಯಣ ಅಂತ ಬರೆದೆ. ಯಾರೂ ಎದ್ದು ಹೋಗಲಿಲ್ಲ.

ಎರಡು ಮನೆ ಸೊಸೆ: ಯಾರೂ ಕೇಳಿಸಿಕೊಂಡಿರಲ್ಲ ಅಷ್ಟೇ! ನನ್ನ ಮದುವೆಯಲ್ಲಿ (ನಮ್ಮವರು ಮುಸ್ಲಿಂ) ಗೆಳತಿ ಹೀಗೇ ಬೆಳಕು, ಗಾಳಿ ಅಂತ ಓದಿದಳು. ನಮ್ಮಜ್ಜಿಯೂ ಅತ್ತೆಯೂ ಒಟ್ಟಿಗೆ 'ಇದು ಯಾರ ಕಡೆಯದು?' ಅಂದರು. ಅವರಿಬ್ಬರೂ ಅವತ್ತು ಒಪ್ಪಿದ್ದು ಅದೊಂದೇ ವಿಷಯ.

ಓದುಗ: ಮೊದಲು ಎಲ್ಲಿ ಓದೋದು ಅಂತ ಕೇಳಿ. ಕ್ಯಾಥೊಲಿಕ್ ವಿಧಿಯ ಒಳಗೆ ಮದುವೆಯ ಆಶೀರ್ವಾದ ಪಾದ್ರಿಗಳದು, ಅಲ್ಲಿ ಓದುವ ಪಾಠವೂ ಬೈಬಲ್‌ನದೇ. ನಾವು ಬರೆದದ್ದು ವಿಧಿ ಮುಗಿದ ಮೇಲೆ. ನನಗೆ ಇದು ಗೊತ್ತಾಗಿದ್ದು ಎರಡು ದಿನ ಮೊದಲು! ನಾಲ್ಕು ಪುಟ ಬರೆದಿದ್ದೆ, ಒಂದಕ್ಕೆ ಇಳಿಸಿದೆ. ಎರಡು ಧರ್ಮದ ಮಾತನ್ನು ಕಲಸಲಿಲ್ಲ, ಪಕ್ಕಪಕ್ಕ ಇಟ್ಟೆ. ಸಪ್ತಪದಿಯ ಏಳನೇ ಹೆಜ್ಜೆ ಗೆಳೆತನದ್ದು, ಅದನ್ನು 'ಅವಳ ಮನೆಯ ಮಾತು' ಅಂದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದ ತಾಳ್ಮೆಯ ಸಾಲನ್ನು 'ಅವನ ಮನೆಯ ಮಾತು' ಅಂದೆ. ಕೊನೆಗೆ ನಾನು ಕಂಡದ್ದು: ಅವನು ಆಸ್ಪತ್ರೆಯಲ್ಲಿದ್ದಾಗ ಅವಳು ಒಂಬತ್ತು ರಾತ್ರಿ ಕುರ್ಚಿಯಲ್ಲೇ ನಿದ್ದೆ ಮಾಡಿದ್ದು. ಓದುವ ಮೊದಲು ಎರಡೂ ಕಡೆಯ ಹಿರಿಯರಿಗೆ ಹಾಳೆ ತೋರಿಸಿದೆ.

ಕಿವಿ ಸುಟ್ಟವನು: ಆ ಅಧ್ಯಾಯವೂ ಮದುವೆಗೆ ಬರೆದದ್ದಲ್ಲ. ಒಳಜಗಳ ಆಡುತ್ತಿದ್ದ ಸಭೆಗೆ ಪೌಲ ಬರೆದ ಪತ್ರ ಅದು. ಪಾಠ ನನಗೆ ಮಾತ್ರವಾ?

ಓದುಗ: ಅದರಲ್ಲಿ ಯಾರೂ ದೇವರನ್ನು ಬದಲಿಸೋದಿಲ್ಲವಲ್ಲ ಮಾರಾಯರೇ.

ನೇರ ಮಾತು: ಹಿರಿಯರ ಸಹಿ ಬಿದ್ದ ಮೇಲೆ ಅದು ಹಾರೈಕೆಯಾ, ಕರಾರು ಪತ್ರವಾ?

ಎರಡು ಮನೆ ಸೊಸೆ: ಕುರ್ಚಿಯ ಸಾಲು ನಿಮ್ಮ ಬೆಳಕಿಗಿಂತ ಎಷ್ಟೋ ವಾಸಿ ಬಿಡಿ.

ಕೇಳಿದವರು: ವಿಧಿ ಒಳಗೋ ಆಮೇಲೋ ಅಂತ ಈಗ ಗೆಳತಿಗೆ ಫೋನ್ ಮಾಡಿದೆ. 'ಅಯ್ಯೋ, ಕೇಳೇ ಇಲ್ಲ' ಅಂದಳು.